ಮೀಟಿಂಗ್‌ಗೆ ನಾನೇ ಹೋಗಲಿಲ್ಲ, ಎಲ್ಲರೂ ಎರಡೂವರೆ ಗಂಟೆ ಕಾದರು. ಶುಕ್ರವಾರ ಅವರ ಮುಂದೆ ಏನಂತ ಹೇಳಲಿ?

ಕಾಫಿ ಕಣ (ಮೂಡಿಗೆರೆ ಕಡೆ)

ಎಲ್ಲರಿಗೂ ನಮಸ್ಕಾರ. ಇಲ್ಲೊಂದು ಸಣ್ಣ ರೈತ ಉತ್ಪಾದಕ ಕಂಪನಿಯಲ್ಲಿ ನಾನು ಸಿಇಒ. ಆಫೀಸಿನಲ್ಲಿ ಇರುವುದು ನಾನು, ಲೆಕ್ಕ ನೋಡುವ ಹುಡುಗಿ, ಫೀಲ್ಡಿಗೆ ಹೋಗುವ ಹುಡುಗ, ಮೂರೇ ಜನ. ನಿರ್ದೇಶಕರು ಎಂಟು ಮಂದಿ. ಎಲ್ಲರೂ ಸಣ್ಣ ಬೆಳೆಗಾರರು.

ನಮ್ಮ ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ ನೋಡಲು ಬೆಂಗಳೂರಿನಿಂದ ಒಬ್ಬರು ವ್ಯಾಪಾರಿ ಬರುವವರಿದ್ದರು. ಮೊದಲು ಬುಧವಾರ ಅಂತ ಇತ್ತು. ಶನಿವಾರ ಅವರು ಫೋನ್ ಮಾಡಿ, ಮಂಗಳವಾರ ಹತ್ತೂವರೆಗೆ ಇಟ್ಟುಕೊಳ್ಳೋಣವಾ ಅಂದರು. ನಾನು ಬೈಕಿನಲ್ಲಿದ್ದೆ. ಪಕ್ಕಕ್ಕೆ ನಿಲ್ಲಿಸಿ ಆಯ್ತು ಅಂದೆ. ಎಲ್ಲರಿಗೂ ತಿಳಿಸು ಅಂತ ಲೆಕ್ಕದ ಹುಡುಗಿಗೂ ಹೇಳಿದೆ. ಅವಳು ಎಂಟೂ ಜನರಿಗೆ ಫೋನ್ ಮಾಡಿ ತಿಳಿಸಿದಳು. ನನ್ನ ತಲೆಯಲ್ಲಿ ಮಾತ್ರ ಬುಧವಾರವೇ ಉಳಿದುಹೋಯಿತು.

ಮಂಗಳವಾರ ನಾನು ಹಾಸನದಲ್ಲಿದ್ದೆ. ಒಂದು ಗಂಟೆಗೆ ಫೋನ್ ನೋಡಿದರೆ 17 ಮಿಸ್ಡ್ ಕಾಲ್. ಎಲ್ಲರ ಸ್ಯಾಂಪಲ್ ಪ್ಯಾಕೆಟ್, ತೇವಾಂಶ ಬರೆದಿಟ್ಟ ಪುಸ್ತಕ ಎಲ್ಲಾ ಬೀರುವಿನಲ್ಲಿ, ಬೀರುವಿನ ಕೀಲಿಕೈ ನನ್ನ ಜೇಬಿನಲ್ಲಿ. ವ್ಯಾಪಾರಿ ಏನೂ ನೋಡದೆ ವಾಪಸ್ ಹೋದರು.

ಸಂಜೆ ಗ್ರೂಪಿನಲ್ಲಿ ಹೀಗೆ ಹಾಕಿದೆ: "ಎಲ್ಲರಿಗೂ ಸಾರಿ. ಮನೆಯಲ್ಲಿ ಎಮರ್ಜೆನ್ಸಿ ಇತ್ತು. ಯಾರಿಗಾದರೂ ತೊಂದರೆ ಆಗಿದ್ದರೆ ಕ್ಷಮೆ ಇರಲಿ." ಇಬ್ಬರು ಹೆಬ್ಬೆಟ್ಟು ಒತ್ತಿದರು. ಉಳಿದವರು ಏನೂ ಹೇಳಲಿಲ್ಲ. ಶುಕ್ರವಾರ ಎಲ್ಲರೂ ಸೇರುತ್ತಾರೆ. ಏನು ಹೇಳಲಿ, ಎಲ್ಲಿಂದ ಶುರು ಮಾಡಲಿ?

ಹೇಮಾವತಿ ತೀರ

ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಸಾರ್. ಉತ್ಪಾದಕ ಕಂಪನಿಯಲ್ಲಿ ಬೋರ್ಡ್ ಸಭೆಗೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕು. ಶನಿವಾರ ಹೇಳಿ ಮಂಗಳವಾರ ಕರೆದರೆ ಆ ಸಭೆಗೆ ಬೆಲೆಯೇ ಇಲ್ಲ. ಸಿಇಒ ಇಲ್ಲದಿದ್ದರೆ ಕೋರಂ ಕೂಡ ಆಗುವುದಿಲ್ಲ. ನಿಯಮದ ಪ್ರಕಾರ ಅದು ಸಭೆಯೇ ಅಲ್ಲ ಅಂದಮೇಲೆ ನೀವು ತಪ್ಪಿಸಿದ್ದು ಏನು?

ಹಳೇ ಸೊಸೈಟಿ

ಏಳು ದಿನದ ಮಾತು ಸರಿ. ಆದರೆ ಅದಕ್ಕಿಂತ ಕಡಿಮೆ ದಿನದಲ್ಲೂ ಕರೆಯಬಹುದು, ಕಾರಣವನ್ನು ಬೋರ್ಡ್ ಬರೆದಿಡಬೇಕು ಅಷ್ಟೇ. ಕೋರಂ ಮಾತು ತಪ್ಪು. ಒಟ್ಟು ನಿರ್ದೇಶಕರಲ್ಲಿ ಮೂರನೇ ಒಂದು ಭಾಗ, ಕಡಿಮೆ ಅಂದರೆ ಮೂರು ಜನ ಇದ್ದರೆ ಸಾಕು. ಅಲ್ಲಿ ಎಂಟು ಜನ ಕೂತಿದ್ದರು. ಅಷ್ಟಕ್ಕೂ ಇದು ವ್ಯಾಪಾರಿ ಮಾಲು ನೋಡುವ ಭೇಟಿ. ಶುಕ್ರವಾರ ನೋಟಿಸ್, ಕೋರಂ ಅಂತ ಬಾಯಿ ತೆರೆದರೆ ಇರುವ ಮರ್ಯಾದೆಯೂ ಹೋಗುತ್ತದೆ.

ನಾನು ಒಂದು ಸಹಕಾರ ಸಂಘದಲ್ಲಿ 22 ವರ್ಷ ಕಾರ್ಯದರ್ಶಿಯಾಗಿದ್ದವನು. ಕಾಯಿಸಿದ್ದೂ ಉಂಟು, ಕಾದದ್ದೂ ಉಂಟು. ಏನು ಹೇಳಬೇಕು ಅನ್ನುವುದಕ್ಕೆ ಮುಂಚೆ ಮೂರು ವಿಷಯ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು, ಆ ಎಮರ್ಜೆನ್ಸಿ ಏನು? ಎರಡು, ಆ ಎರಡೂವರೆ ಗಂಟೆ ಅವರ ಮುಂದೆ ನಿಂತು ಉತ್ತರ ಕೊಟ್ಟವರು ಯಾರು? ಮೂರು, ಡಿಸೆಂಬರ್ ಮೊದಲ ವಾರ ಅಂದರೆ ನಿಮ್ಮ ಕಡೆ ಹಣ್ಣು ಕೊಯ್ಲು ಜೋರಾಗಿರುವ ಹೊತ್ತು. ಬಂದವರು ತೋಟದಲ್ಲಿ ಏನು ಬಿಟ್ಟು ಬಂದಿದ್ದರು, ಗೊತ್ತಾ?

ಬೇಲೂರು ಟೀಚರ್

ನಮ್ಮ ಶಾಲೆಯಲ್ಲೂ ಹೀಗೇ ಆಗಿತ್ತು. ಪೋಷಕರ ಸಭೆ ಕರೆದು ಹೆಡ್‌ಮಾಸ್ಟರೇ ಬರಲಿಲ್ಲ. ನಲವತ್ತು ಜನ ತಾಯಂದಿರು ಬಿಸಿಲಲ್ಲಿ ಕೂತಿದ್ದರು. ಎರಡು ಬಸ್ಸು ಬದಲಾಯಿಸಿ ಬಂದವರೂ ಇದ್ದರು. ಮಾರನೇ ದಿನ ಹೆಡ್‌ಮಾಸ್ಟರ್ ಅದರ ಮಾತೇ ಎತ್ತಲಿಲ್ಲ. ಮುಂದಿನ ಸಭೆಗೆ ಬಂದದ್ದು ಹನ್ನೊಂದು ಜನ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ತಾಯಂದಿರನ್ನು ಮನೆಮನೆಗೆ ಹೋಗಿ ಮತ್ತೆ ಕರೆದದ್ದು ನಾವು ಟೀಚರ್‌ಗಳು. ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ, ಗೊತ್ತು. ಹೇಳಬೇಕು ಅನ್ನಿಸಿತು.

ಕಾಫಿ ಕಣ (ಮೂಡಿಗೆರೆ ಕಡೆ)

ಟೀಚರ್, ನಿಮ್ಮ ಮಾತು ಚುಚ್ಚಿತು. ಒಳ್ಳೆಯದೇ ಆಯ್ತು.

ಹಳೇ ಸೊಸೈಟಿ ಸಾರ್, ಇದ್ದದ್ದು ಇದ್ದಂಗೆ ಹೇಳುತ್ತೇನೆ. ಎಮರ್ಜೆನ್ಸಿ ಏನೂ ಇರಲಿಲ್ಲ. ಚಿಕ್ಕಮ್ಮನ ಮಗನ ಮನೆ ಗೃಹಪ್ರವೇಶ ಇತ್ತು. ಊಟಕ್ಕೆ ಬಡಿಸುತ್ತಿದ್ದೆ, ಫೋನ್ ಕಾರಿನಲ್ಲಿತ್ತು. 17 ಕಾಲ್ ನೋಡಿದಾಗ ಕೈ ನಡುಗಿತು. ಆ ಗಾಬರಿಯಲ್ಲಿ ಬಾಯಿಗೆ ಬಂದ ಮಾತು ಅದು. ಅಷ್ಟರಲ್ಲಿ ತಮ್ಮ ಸ್ಟೇಟಸ್ಸಿಗೆ ಫೋಟೋ ಹಾಕಿದ್ದಾನೆ. ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಸಾರಿನ ಬಕೆಟ್ ಹಿಡಿದು ನಾನು ನಿಂತಿದ್ದೇನೆ. ನಮ್ಮ ನಿರ್ದೇಶಕರಲ್ಲಿ ಒಬ್ಬರಿಗೆ ಅವನ ಪರಿಚಯ ಇದೆ. ಆ ಫೋಟೋ ನೋಡಿದವರ ಪಟ್ಟಿಯಲ್ಲಿ ಅವರ ಹೆಸರೂ ಇದೆಯಂತೆ.

ಎರಡನೆಯದು, ಉತ್ತರ ಕೊಟ್ಟವಳು ಲೆಕ್ಕದ ಹುಡುಗಿ. ಮೂರು ಸಲ ಕಾಫಿ ಮಾಡಿ ಕೊಟ್ಟಳಂತೆ. "ದಾರಿಯಲ್ಲಿದ್ದಾರೆ, ಬರುತ್ತಾರೆ" ಅಂತ ಹೇಳುತ್ತಲೇ ಇದ್ದಳಂತೆ. ದಿನ ಬದಲಾದದ್ದನ್ನು ಸರಿಯಾಗಿ ತಿಳಿಸಲಿಲ್ಲ ಅಂತ ಒಬ್ಬರು ಅವಳಿಗೇ ಬೈದಿದ್ದಾರೆ. ಇದು ನನಗೆ ಗೊತ್ತಾದದ್ದು ಇವತ್ತು, ಅದೂ ಫೀಲ್ಡ್ ಹುಡುಗನಿಂದ.

ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೇಳಿಲ್ಲ.

ಹಳೇ ಸೊಸೈಟಿ

ಹೇಳಿದ್ದು ಒಳ್ಳೆಯದಾಯ್ತು. ಈಗ ನಿಮ್ಮ ಮೇಲೆ ಎರಡು ತಪ್ಪು ಇದೆ. ಬಾರದೇ ಇದ್ದದ್ದು ಒಂದು, ಸುಳ್ಳು ಹೇಳಿದ್ದು ಇನ್ನೊಂದು. ಬಾರದೇ ಇದ್ದದ್ದನ್ನು ಜನ ಮರೆಯುತ್ತಾರೆ, ಎಲ್ಲರಿಗೂ ಮರೆವು ಇದೆ. ಎರಡನೆಯದನ್ನು ನೀವೇ ಬಿಚ್ಚದಿದ್ದರೆ, ಫೋಟೋ ನೋಡಿದವರು ಅದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ನಾಳೆ ನೀವು ರೇಟ್ ಹೇಳಿದರೂ ತೂಕ ಹೇಳಿದರೂ ಅವರಿಗೆ ಆ ಬಕೆಟ್ಟೇ ನೆನಪಾಗುತ್ತದೆ.

ಕೆಲಸದ ಸರದಿ ಹೇಳುತ್ತೇನೆ. ಮೊದಲು ಆ ಹುಡುಗಿ. ಇವತ್ತೇ ಹೋಗಿ. ನಿಮ್ಮಿಂದ ಅವಳು ಗೊತ್ತಿಲ್ಲದೆ ಸುಳ್ಳು ಹೇಳಬೇಕಾಯಿತು, ಮೇಲೆ ಬೈಸಿಕೊಂಡಳು. ಅವಳ ಹತ್ತಿರ ಒಬ್ಬಳೇ ಇದ್ದಾಗ ಹೇಳಿ. ಆಮೇಲೆ ಎಲ್ಲರ ಮುಂದೆ "ಅವಳು ಸರಿಯಾಗಿಯೇ ತಿಳಿಸಿದ್ದಳು, ಮರೆತವನು ನಾನು" ಅಂತ ಇನ್ನೊಮ್ಮೆ ಹೇಳಬೇಕು. ಬೈಸಿಕೊಂಡದ್ದು ಎಲ್ಲರ ಮುಂದೆ, ಹಾಗಾಗಿ ಆ ಹೆಸರು ತೊಳೆಯಬೇಕಾದದ್ದೂ ಅಲ್ಲೇ.

ಆಮೇಲೆ ವ್ಯಾಪಾರಿ. ಅವರಿಗೂ ಶುಕ್ರವಾರದ ಒಳಗೆ ಫೋನ್ ಮಾಡಿ. ಆಗ ತಂಡದ ಮುಂದೆ ಹೋಗುವಾಗ ಕೈಯಲ್ಲಿ ಏನಾದರೂ ಇರುತ್ತದೆ, ಅವರು ಮತ್ತೆ ಬರುತ್ತಾರೋ ಇಲ್ಲವೋ ಅನ್ನುವುದಾದರೂ. ನಂತರ ನಿರ್ದೇಶಕರಿಗೆ ಒಬ್ಬೊಬ್ಬರಿಗೆ ಫೋನ್. ಎರಡು ನಿಮಿಷ ಸಾಕು. ನೀವು ಜಾಸ್ತಿ ಮಾತಾಡಬೇಡಿ. "ಅವತ್ತು ನಿಮಗೆ ಏನು ತೊಂದರೆ ಆಯ್ತು" ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.

ಸಾಲು ಸಂಪಿಗೆ

ನಾನು ಹಾಸನದಲ್ಲಿ ಕೂತು ಬೆಂಗಳೂರಿನ ಒಂದು ಸಾಫ್ಟ್‌ವೇರ್ ತಂಡ ನೋಡಿಕೊಳ್ಳುತ್ತೇನೆ. ಆ ಗ್ರೂಪ್ ಮೆಸೇಜ್ ಬಗ್ಗೆ ಒಂದು ಮಾತು. "ಯಾರಿಗಾದರೂ ತೊಂದರೆ ಆಗಿದ್ದರೆ" ಅಂತ ಬರೆದಿದ್ದೀರಿ. ಈ "ಆಗಿದ್ದರೆ" ಇದೆಯಲ್ಲ, ಅದು ತೊಂದರೆಯನ್ನೇ ಅನುಮಾನ ಮಾಡಿಬಿಡುತ್ತದೆ. ಎಂಟು ಜನ ಎರಡೂವರೆ ಗಂಟೆ ಕೂತಿದ್ದು ಕಣ್ಣಿಗೆ ಕಾಣುವ ವಿಷಯ. ಅದರಲ್ಲಿ "ಆಗಿದ್ದರೆ" ಏನು ಬಂತು? ಮದುವೆ ಮನೆಯಲ್ಲಿ ಕೊನೆಗೆ "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಅನ್ನುತ್ತೇವೆ. ಅಲ್ಲಿ ತಪ್ಪು ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಹಾಗಾಗಿ ಆ ಮಾತು ಸರಿ. ಇಲ್ಲಿ ಗೊತ್ತಿದೆ.

ಇನ್ನೊಂದು, 2016ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಯ್ ಲೆವಿಕಿ ಮತ್ತು ಜೊತೆಯವರು ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಕ್ಷಮೆ ಕೇಳುವ ಮಾತಿನಲ್ಲಿ ಯಾವ ಭಾಗ ಜನರಿಗೆ ಜಾಸ್ತಿ ನಾಟುತ್ತದೆ ಅಂತ. ಎಲ್ಲಕ್ಕಿಂತ ಮೇಲೆ ಬಂದದ್ದು "ಇದು ನನ್ನ ತಪ್ಪು" ಅಂತ ಹೊಣೆ ಹೊರುವುದು. ಅದರ ನಂತರ, ಆದ ನಷ್ಟವನ್ನು ಸರಿ ಮಾಡುತ್ತೇನೆ ಅನ್ನುವುದು. ಎಲ್ಲಕ್ಕಿಂತ ಕೆಳಗೆ ಬಂದದ್ದು "ದಯವಿಟ್ಟು ಕ್ಷಮಿಸಿ" ಅನ್ನುವ ಬೇಡಿಕೆ. ನನಗೂ ಆಶ್ಚರ್ಯ ಆಗಿತ್ತು. ಹಾಗಾಗಿ ನನ್ನ ಸಲಹೆ, ನೀಟಾಗಿ ಒಂದು ಇಮೇಲ್ ಬರೆದು ಎಲ್ಲರಿಗೂ ಕಳಿಸಿ. ದಾಖಲೆಯೂ ಇರುತ್ತದೆ.

ಕಳಸದ ಮಳೆ

ಇಮೇಲಾ? ಮಾರಾಯ್ರೇ, ಹಣ್ಣು ಕೊಯ್ಲಿನ ಹೊತ್ತಿಗೆ ಯಾರು ಇಮೇಲ್ ನೋಡುತ್ತಾರೆ! ನಾನೂ ಇಂಥದೇ ಒಂದು ಕಂಪನಿಯ ಸದಸ್ಯ. ಅಂದರೆ ಕಾಯುವ ಕಡೆಯವನು. ನಮಗೆ ಮುಖ ನೋಡಿ ಹೇಳಿದರೆ ಮಾತ್ರ ಹೇಳಿದ ಹಾಗೆ.

ಹಳೇ ಸೊಸೈಟಿಯವರು ಕೇಳಿದ ಮೂರನೇ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ. ಕೊಯ್ಲಿನ ದಿನ ನಾನು ತೋಟ ಬಿಟ್ಟು ಬಂದರೆ, ಆಳುಗಳು ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಕಿತ್ತು ಹಾಕುತ್ತಾರೆ. ಕೆಜಿ ಲೆಕ್ಕದಲ್ಲಿ ಕೂಲಿ ಅಲ್ವಾ, ಅವರದ್ದೂ ತಪ್ಪಲ್ಲ. ಮಧ್ಯೆ ಮಧ್ಯೆ ಚೀಲಕ್ಕೆ ಕೈ ಹಾಕಿ ನೋಡುವವರು ಬೇಕು. ಕಾಯಿ ಜಾಸ್ತಿ ಸೇರಿದರೆ ಪಲ್ಪರಿನಲ್ಲಿ ಸಿಪ್ಪೆ ಸರಿಯಾಗಿ ಬಿಡುವುದಿಲ್ಲ, ಪಾರ್ಚ್‌ಮೆಂಟ್ ಹಾಳು. ಕೊಯ್ದ ಹಣ್ಣು ಅವತ್ತೇ ಪಲ್ಪ್ ಆಗಬೇಕು ಬೇರೆ. ನಿಮ್ಮ ಎರಡೂವರೆ ಗಂಟೆ ಅಂದರೆ ನಮಗೆ ಒಂದು ದಿನದ ಹಣ್ಣು. "ನಿಮ್ಮ ಅಮೂಲ್ಯ ಸಮಯ" ಅಂದರೆ ಸಿಟ್ಟು ಬರುತ್ತದೆ. "ಕೊಯ್ಲು ಬಿಟ್ಟು ಬಂದಿದ್ದಿರಿ" ಅಂದರೆ ಇವನಿಗೆ ಗೊತ್ತಾಗಿದೆ ಅನ್ನಿಸುತ್ತದೆ.

ಸಾಲು ಸಂಪಿಗೆ

ಒಪ್ಪಿದೆ. ಇಮೇಲ್ ವಾಪಸ್ ತೆಗೆದುಕೊಂಡೆ. ನಮ್ಮ ತಂಡದ ಅಭ್ಯಾಸ ನಿಮ್ಮ ಮೇಲೆ ಹೇರಿಬಿಟ್ಟೆ.

ಹೇಮಾವತಿ ತೀರ

ಕೋರಂ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್. ಒಂದು ಸಲಹೆ ಕೊಡಲಾ? ಶುಕ್ರವಾರ ಎಲ್ಲರಿಗೂ ಒಳ್ಳೆ ಊಟ ಹಾಕಿಸಿ. ಒಬ್ಬಟ್ಟು, ಕೋಸಂಬರಿ ಎಲ್ಲಾ ಇರಲಿ. ಹೊಟ್ಟೆ ತುಂಬಿದ ಮೇಲೆ ಸಿಟ್ಟು ಇರುವುದಿಲ್ಲ.

ಬೇಲೂರು ಟೀಚರ್

ಊಟ ಬೇಡ ಅನ್ನಿಸುತ್ತದೆ. ಉಂಡ ಮನೆಯವರನ್ನು ಬೈಯಲು ಆಗುವುದಿಲ್ಲ ನಮ್ಮಲ್ಲಿ. ಬಾಯಿ ಕಟ್ಟಿಹಾಕಿದ ಹಾಗಾಗುತ್ತದೆ. ಬೈಯುವವರಿಗೆ ಬೈಯಲು ಬಿಡಿ.

ಹಳೇ ಸೊಸೈಟಿ

ಹೇಳಬೇಕಾದ್ದು ಹೇಳಿ, ಕೇಳಬೇಕಾದ್ದು ಕೇಳಿದ ಮೇಲೆ ಊಟ ಆದರೆ ನನ್ನ ತಕರಾರಿಲ್ಲ. ಮೊದಲೇ ಬೇಡ. ಕಂಪನಿ ದುಡ್ಡಿನಲ್ಲಂತೂ ಬೇಡವೇ ಬೇಡ.

ಕಾಫಿ ಕಣ (ಮೂಡಿಗೆರೆ ಕಡೆ)

ಹುಡುಗಿಯ ಹತ್ತಿರ ಮಾತಾಡಿದೆ. ಏನೂ ಹೇಳಲಿಲ್ಲ, ತಲೆ ತಗ್ಗಿಸಿ ಲೆಡ್ಜರ್ ನೋಡುತ್ತಾ ಕೂತಿದ್ದಳು. ಕೊನೆಗೆ "ನಾನು ಶನಿವಾರ ಸಂಜೆಯೇ ಎಲ್ಲರಿಗೂ ಮಾಡಿದ್ದೆ ಸಾರ್, ಕಾಲ್ ಲಿಸ್ಟ್ ತೋರಿಸಲಾ" ಅಂದಳು. ನನಗೆ ತುಂಬಾ ಸಂಕಟ ಆಯ್ತು. ತೋರಿಸಬೇಕಾಗಿಲ್ಲಮ್ಮ, ತಪ್ಪು ನನ್ನದೇ ಅಂದೆ.

ಶುಕ್ರವಾರಕ್ಕೆ ಹೀಗೆ ಬರೆದುಕೊಂಡಿದ್ದೇನೆ, ನೋಡಿ:

"ಎಲ್ಲರಿಗೂ ನಮಸ್ಕಾರ. ಮಂಗಳವಾರ ನಡೆದ ಘಟನೆಗೆ ವಿಷಾದಿಸುತ್ತೇನೆ. ಕೆಲಸದ ಒತ್ತಡದಲ್ಲಿ ದಿನಾಂಕದ ಬಗ್ಗೆ ಗೊಂದಲವಾಯಿತು. ಮನೆಯಲ್ಲಿ ಎಮರ್ಜೆನ್ಸಿ ಅಂತ ಹೇಳಿದ್ದು ಸರಿಯಲ್ಲ, ಗೃಹಪ್ರವೇಶ ಇತ್ತು. ಇನ್ನು ಮುಂದೆ ಯಾವತ್ತೂ ಹೀಗೆ ಆಗುವುದಿಲ್ಲ. ದಯವಿಟ್ಟು ಎಲ್ಲರೂ ಕ್ಷಮಿಸಬೇಕು."

ಸಾಲು ಸಂಪಿಗೆ

ನಿಜ ಹೇಳಿದ್ದೀರಿ, ಅದು ದೊಡ್ಡದು. ಆದರೆ ಕ್ರಿಯಾಪದ ನೋಡಿ. "ನಡೆದ ಘಟನೆ", "ಗೊಂದಲವಾಯಿತು", "ಹೀಗೆ ಆಗುವುದಿಲ್ಲ". ಎಲ್ಲಾ ತಾನಾಗೇ ಆದ ಹಾಗಿದೆ, ನೀವು ಎಲ್ಲೂ ಇಲ್ಲ. "ನಾನು ಮರೆತೆ" ಅಂತ ಒಂದು ಸಲ ಹೇಳಿ. "ತಪ್ಪಾಯ್ತು" ಅನ್ನಬೇಡಿ, "ತಪ್ಪು ಮಾಡಿದೆ" ಅನ್ನಿ.

ಕಳಸದ ಮಳೆ

"ಮರೆತೆ" ಸರಿ. ಆದರೆ "ತಪ್ಪಾಯ್ತು" ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಮನಸ್ಸಿನಿಂದ ಬರುವ ಮಾತೇ ಅದು. ನನ್ನ ಅಪ್ಪ ಯಾರ ಮುಂದೆಯೂ ತಲೆ ಬಾಗಿಸದ ಮನುಷ್ಯ. ಒಮ್ಮೆ ಅಮ್ಮನ ಹತ್ತಿರ "ತಪ್ಪಾಯ್ತು ಕಣೇ" ಅಂದದ್ದನ್ನು ಕೇಳಿದ್ದೇನೆ. "ನಾನು ತಪ್ಪು ಮಾಡಿದೆ" ಅಂದರೆ ಪೊಲೀಸ್ ಠಾಣೆಯಲ್ಲಿ ಹೇಳಿದ ಹಾಗಿರುತ್ತದೆ. ಇನ್ನು "ವಿಷಾದಿಸುತ್ತೇನೆ" ಅಂತೂ ಬೇಡ. ಅದು ಕರೆಂಟ್ ತೆಗೆಯುವ ಪ್ರಕಟಣೆಯ ಭಾಷೆ.

ಸಾಲು ಸಂಪಿಗೆ

ಒಬ್ಬರ ಹತ್ತಿರ, ಕಣ್ಣಲ್ಲಿ ಕಣ್ಣಿಟ್ಟು ಹೇಳುವಾಗ "ತಪ್ಪಾಯ್ತು" ಸಾಕು, ಒಪ್ಪುತ್ತೇನೆ. ಎಂಟು ಜನರ ಮುಂದೆ ಸಾಲದು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಅಲ್ಲಿ ಯಾರ ತಪ್ಪು ಅನ್ನುವುದೇ ಪ್ರಶ್ನೆ. ಆ ಹುಡುಗಿಯ ಮೇಲೆ ಅನುಮಾನ ಇದೆ, ನೆನಪಿರಲಿ.

ಹಳೇ ಸೊಸೈಟಿ

ಇಬ್ಬರೂ ನಿಮ್ಮ ನಿಮ್ಮ ಮಾತು ಇಟ್ಟುಕೊಳ್ಳಿ. ನನಗೆ ಕಂಡದ್ದು ಮೂರು.

"ಕೆಲಸದ ಒತ್ತಡ" ತೆಗೆಯಿರಿ. ಒತ್ತಡ ಇದ್ದದ್ದು ಕೊಯ್ಲು ಬಿಟ್ಟು ಬಂದವರಿಗೆ. ಕಾರಣ ಒಂದೇ ಸಾಲಿನಲ್ಲಿ ಇರಲಿ: ಶನಿವಾರ ಫೋನಿನಲ್ಲಿ ಒಪ್ಪಿದೆ, ಬರೆದಿಟ್ಟುಕೊಳ್ಳಲಿಲ್ಲ, ಮರೆತೆ. ಎರಡನೇ ಸಾಲಿಗೆ ಹೋದರೆ ಕಾರಣ ಹೋಗಿ ಸಬೂಬು ಆಗುತ್ತದೆ.

"ಯಾವತ್ತೂ ಹೀಗೆ ಆಗುವುದಿಲ್ಲ" ತೆಗೆಯಿರಿ. ಮರೆವಿನ ಮೇಲೆ ಯಾರು ಆಣೆ ಹಾಕುತ್ತಾರೆ? ಬೀರುವಿನ ಎರಡನೇ ಕೀಲಿ ಆ ಹುಡುಗಿಯ ಕೈಗೆ ಕೊಡಿ, ಎಲ್ಲರ ಮುಂದೆ ಕೊಡಿ. ಮುಂದೆ ನೀವು ಮರೆತರೂ ಮಾಲು ತೋರಿಸಬಹುದು. ದಿನ ಬದಲಾದರೆ ಗ್ರೂಪಿನಲ್ಲಿ ಬರೆಯುವುದು, ಪ್ರತಿಯೊಬ್ಬರೂ "ಗೊತ್ತಾಯ್ತು" ಅಂತ ಹಾಕುವುದು, ನೀವೂ ಸೇರಿ. ಅಷ್ಟು ಸಾಕು. ಜಾಸ್ತಿ ನಿಯಮ ಹೇಳಿದರೆ ತಪ್ಪು ಅವರದ್ದು ಅನ್ನುವ ಹಾಗಾಗುತ್ತದೆ.

"ಎಲ್ಲರೂ ಕ್ಷಮಿಸಬೇಕು" ತೆಗೆಯಿರಿ. ಕೇಳಿದರೆ ಅವರು ಅಲ್ಲೇ "ಪರವಾಗಿಲ್ಲ" ಅನ್ನಲೇಬೇಕಾಗುತ್ತದೆ. ಸಿಟ್ಟು ಇರುವವರಿಗೆ ಸಿಟ್ಟು ಇಟ್ಟುಕೊಳ್ಳಲು ಜಾಗ ಬಿಡಿ.

ಮತ್ತೆ, ಬರೆದದ್ದನ್ನು ಓದಬೇಡಿ. ಕುಳಿತು ಹೇಳಬೇಡಿ, ನಿಂತು ಹೇಳಿ. ಎರಡು ನಿಮಿಷ ದಾಟಬೇಡಿ.

ಕಾಫಿ ಕಣ (ಮೂಡಿಗೆರೆ ಕಡೆ)

ಶನಿವಾರ ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನೆ ಹೇಳಿದೆ.

ಅದಕ್ಕೆ ಮುಂಚೆ ಎಂಟೂ ಜನರಿಗೆ ಫೋನ್ ಮಾಡಿದ್ದೆ. ಆರು ಜನ "ಬಿಡಿ, ಆಯ್ತು" ಅಂದರು. ಒಬ್ಬರು ಮಾತ್ರ ವಿವರವಾಗಿ ಹೇಳಿದರು. ಅವತ್ತು ಅವರ ತೋಟದಲ್ಲಿ 14 ಆಳು ಇದ್ದರಂತೆ. ಕಳಸದ ಅಣ್ಣ ಹೇಳಿದ್ದೇ ಆಗಿದೆ, ಸಂಜೆ ತೂಕದ ಹೊತ್ತಿಗೆ ನೋಡಿದರೆ ಚೀಲದಲ್ಲಿ ಹಸಿರು ಕಾಯಿ. ರಾತ್ರಿ ಹತ್ತರವರೆಗೆ ಮನೆಯವರೆಲ್ಲಾ ಕೂತು ಆರಿಸಿದರಂತೆ. ಇನ್ನೊಬ್ಬರು ಹಿರಿಯರು, ಫೋನ್ ಎತ್ತಲಿಲ್ಲ.

ನಿಂತು ಹೇಳಿದೆ. ನೆನಪಿದ್ದಷ್ಟು ಬರೆಯುತ್ತೇನೆ: "ಮಂಗಳವಾರಕ್ಕೆ ಬದಲಾಯಿಸಲು ಒಪ್ಪಿದವನು ನಾನೇ. ಬರೆದಿಟ್ಟುಕೊಳ್ಳಲಿಲ್ಲ, ಮರೆತೆ. ಇವಳು ನಿಮಗೆಲ್ಲಾ ಸರಿಯಾಗಿ ತಿಳಿಸಿದ್ದಳು, ಅವಳದ್ದು ಏನೂ ತಪ್ಪಿಲ್ಲ. ಗ್ರೂಪಿನಲ್ಲಿ ಎಮರ್ಜೆನ್ಸಿ ಅಂದದ್ದು ಸುಳ್ಳು. ಹಾಸನದಲ್ಲಿ ಗೃಹಪ್ರವೇಶದಲ್ಲಿದ್ದೆ. ನೀವು ಕೊಯ್ಲು ಬಿಟ್ಟು ಬಂದಿದ್ದಿರಿ. ಒಬ್ಬರ ಮನೆಯಲ್ಲಿ ರಾತ್ರಿ ಹತ್ತರವರೆಗೆ ಕಾಯಿ ಆರಿಸಿದ್ದಾರೆ. ಅದಕ್ಕೆ ಕಾರಣ ನಾನು. ತಪ್ಪಾಯ್ತು."

ಕೊನೆಯ ಮಾತು ತಾನಾಗೇ ಬಂತು. ಸಂಪಿಗೆಯವರೇ, ನೀವು ಹೇಳಿದ್ದು ಮುಂಚೆಯೇ ಹೇಳಿ ಆಗಿತ್ತು, ಅದಕ್ಕೆ ಬಂತೋ ಏನೋ.

ಕೀಲಿಕೈ ಹುಡುಗಿಗೆ ಕೊಟ್ಟೆ. ಅವಳಿಗೆ ಬೈದವರು "ನಿನಗೆ ಸುಮ್ನೆ ಅಂದುಬಿಟ್ಟೆ ಮಗಾ" ಅಂದರು. ಅದನ್ನು ನಾನು ಕೇಳಿರಲಿಲ್ಲ, ಅವರಾಗಿಯೇ ಅಂದರು.

ಫೋಟೋ ನೋಡಿದವರು ಸಭೆ ಮುಗಿದ ಮೇಲೆ ಹತ್ತಿರ ಬಂದು, "ನೀವು ಹೇಳುತ್ತೀರೋ ಇಲ್ಲವೋ ಅಂತ ಕಾಯುತ್ತಿದ್ದೆ" ಅಂದರು. ಅಷ್ಟೇ.

ವ್ಯಾಪಾರಿಗೂ ಫೋನ್ ಮಾಡಿದ್ದೆ. ಈ ವಾರ ಬೇರೆ ಕಡೆ ಮಾಲು ಹಿಡಿದಿದ್ದಾರೆ. ಸ್ಯಾಂಪಲ್ ಕಳಿಸಿ, ನೋಡುತ್ತೇನೆ ಅಂದರು. ಕೊರಿಯರ್ ಬೇಡ, ನಾನೇ ಸೋಮವಾರ ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಕೊಡುತ್ತೇನೆ ಅಂದಿದ್ದೇನೆ. ತೆಗೆದುಕೊಳ್ಳುತ್ತಾರೆ ಅಂತ ಭರವಸೆ ಇಲ್ಲ. ಇದನ್ನೂ ತಂಡಕ್ಕೆ ಹಾಗೇ ಹೇಳಿದೆ. ಬಸ್ ಚಾರ್ಜ್ ನನ್ನದೇ.

ಹೇಮಾವತಿ ತೀರ

ಊಟ ಹಾಕಿಸಿದಿರಾ?

ಕಾಫಿ ಕಣ (ಮೂಡಿಗೆರೆ ಕಡೆ)

ಇಲ್ಲ ಸಾರ್. ಅವಳು ಕಾಫಿ ಮಾಡಲು ಎದ್ದಳು. ಕೂರಮ್ಮ ಅಂತ ಹೇಳಿ ನಾನೇ ಮಾಡಿ ಕೊಟ್ಟೆ.

ಬೇಲೂರು ಟೀಚರ್

ಫೋನ್ ಎತ್ತದ ಹಿರಿಯರು ಬಂದಿದ್ದರಾ?

ಕಾಫಿ ಕಣ (ಮೂಡಿಗೆರೆ ಕಡೆ)

ಬಂದಿದ್ದರು ಟೀಚರ್. ಇಡೀ ಹೊತ್ತು ಕಿಟಕಿ ಕಡೆ ನೋಡುತ್ತಾ ಕೂತಿದ್ದರು. ಕಾಫಿ ಕುಡಿಯಲಿಲ್ಲ. ಹೋಗುವಾಗ ಅವರ ಸ್ಯಾಂಪಲ್ ಪ್ಯಾಕೆಟ್ ವಾಪಸ್ ಕೇಳಿದರು. ಹುಡುಗಿ ಬೀರು ತೆಗೆದು ಕೊಟ್ಟಳು. ನಾನು ತಡೆಯಲಿಲ್ಲ. ಭಾನುವಾರ ಅವರ ತೋಟಕ್ಕೆ ಹೋಗಿ ಬರಬೇಕು ಅಂತಿದ್ದೇನೆ. ಹೋಗಲಾ, ಇಲ್ಲ ಸ್ವಲ್ಪ ದಿನ ಬಿಡಲಾ?

ಹಳೇ ಸೊಸೈಟಿ

ಹೋಗಿ. ಪ್ಯಾಕೆಟ್ ವಿಷಯ ಎತ್ತಬೇಡಿ.

ಕಳಸದ ಮಳೆ

ನಾನಾದರೆ ಈ ಭಾನುವಾರ ಬೇಡ ಅನ್ನುತ್ತೇನೆ. ಕೊಯ್ಲು ಮುಗಿಯಲಿ. ಕಣದಲ್ಲಿ ಕಾಫಿ ಹರಡಿರುವಾಗ ಯಾರಾದರೂ ಬಂದರೆ ಮತ್ತೆ ಕೆಲಸ ಬಿಟ್ಟು ಎದ್ದು ಬರಬೇಕು, ಅಲ್ವಾ?